ಕ್ವಿಕ್ ಸಾರ್ಟ್, ಇನ್ಸರ್ಷನ್ ಸಾರ್ಟ್ ಎರಡಕ್ಕೂ ವರ್ಸ್ಟ್ ಕೇಸ್ n² ಎಂದಾದರೆ ಈ ಕೋಷ್ಟಕವನ್ನು ಓದುವುದು ಹೇಗೆ?

ನಾಲ್ಕನೇ ಸೆಮಿಸ್ಟರ್

ಅಲ್ಗಾರಿದಮ್ ವಿಷಯದಲ್ಲಿ ಸಾರ್ಟಿಂಗ್ ಘಟಕ ಮುಗಿಯುತ್ತಾ ಬಂದಿದೆ. ಎಲ್ಲರಿಗೂ ಕೊಡುವ ಆ ಕೋಷ್ಟಕವನ್ನು ನಮಗೂ ಕೊಟ್ಟಿದ್ದಾರೆ. ಅದರ ಪ್ರಕಾರ ಇನ್ಸರ್ಷನ್ ಸಾರ್ಟ್‌ಗೆ ಬೆಸ್ಟ್ ಕೇಸ್ n, ಸರಾಸರಿ n², ವರ್ಸ್ಟ್ ಕೇಸ್ n². ಕ್ವಿಕ್ ಸಾರ್ಟ್‌ಗೆ ಮೊದಲೆರಡು n log n, ಕೊನೆಯದು n². ಮರ್ಜ್ ಸಾರ್ಟ್‌ಗೆ ಮೂರೂ n log n.

ಇದನ್ನು ಪರೀಕ್ಷಿಸಲು ಕೆಳಗಿನ ಕೋಡ್ ಬರೆದು, ಈಗಾಗಲೇ ಏರಿಕೆ ಕ್ರಮದಲ್ಲಿದ್ದ 5000 ಸಂಖ್ಯೆಗಳನ್ನು ಕೊಟ್ಟೆ.

```python
def qs(a):
    if len(a) <= 1:
        return a
    p = a[0]
    l = [x for x in a[1:] if x < p]
    r = [x for x in a[1:] if x >= p]
    return qs(l) + [p] + qs(r)
```

ಇನ್ಸರ್ಷನ್ ಸಾರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕ್ವಿಕ್ ಸಾರ್ಟ್ ಮಾತ್ರ ಉತ್ತರವನ್ನೇ ಕೊಡದೆ `RecursionError: maximum recursion depth exceeded` ಎಂದು ನಿಂತುಹೋಯಿತು. ಅದೇ 5000 ಸಂಖ್ಯೆಗಳನ್ನು ಕಲಸಿ ಕೊಟ್ಟಾಗ ಕ್ವಿಕ್ ಸಾರ್ಟ್ ಬಹಳ ಮುಂದಿತ್ತು. ಅಸೈನ್‌ಮೆಂಟಿನಲ್ಲಿ "ಯಾವ ವಿಧಾನ ಉತ್ತಮ, ಸಮರ್ಥಿಸಿ" ಎಂದು ಕೇಳಿದ್ದಾರೆ. ವರ್ಸ್ಟ್ ಕೇಸ್ ಕಾಲಮ್ ನೋಡಿದರೆ ಎರಡೂ ಸಮ, ಬೆಸ್ಟ್ ಕೇಸ್ ನೋಡಿದರೆ ಇನ್ಸರ್ಷನ್ ಗೆಲ್ಲುತ್ತದೆ, ಸರಾಸರಿ ನೋಡಿದರೆ ಕ್ವಿಕ್ ಗೆಲ್ಲುತ್ತದೆ. ಹಾಗಾದರೆ ನಾನು ಯಾವ ಕಾಲಮ್ ಹಿಡಿದು ಹೋಲಿಸಬೇಕು?

ಒಮೆಗಾ ಅಭಿಮಾನಿ

ಇದು ಅಷ್ಟೇನೂ ಗೊಂದಲದ ವಿಷಯವಲ್ಲ. ಬಿಗ್ ಓ ಎಂದರೆ ವರ್ಸ್ಟ್ ಕೇಸ್, ಒಮೆಗಾ ಎಂದರೆ ಬೆಸ್ಟ್ ಕೇಸ್, ಥೀಟಾ ಎಂದರೆ ಸರಾಸರಿ. ಹೋಲಿಕೆಗೆ ಯಾವಾಗಲೂ ಬಿಗ್ ಓ ತೆಗೆದುಕೊಳ್ಳಬೇಕು, ಅದು ಸಮವಾದರೆ ಥೀಟಾ ನೋಡಬೇಕು. ಹಾಗೆ ನೋಡಿದರೆ ಕ್ವಿಕ್ ಸಾರ್ಟ್ ಉತ್ತಮ. ಏರಿಕೆ ಕ್ರಮದಲ್ಲಿರುವ ಪಟ್ಟಿ ಒಂದು ಅಪವಾದ ಎಂದು ಒಂದು ಸಾಲು ಬರೆದರೆ ಸಾಕು.

ಬೇಗ ಮುಗಿಸಿ

ನಿಮಗೆ ಸಾರ್ಟ್ ಮಾಡಬೇಕಿದ್ದರೆ ಪೈಥಾನ್‌ನಲ್ಲಿ `sorted()` ಇದೆಯಲ್ಲ, ಅದನ್ನೇ ಬಳಸಿ. ಸ್ವಂತ ಕೋಡ್ ಬರೆದು ರಿಕರ್ಶನ್ ಮಿತಿಗೆ ತಲೆ ಚಚ್ಚಿಕೊಳ್ಳುವ ಅಗತ್ಯವೇ ಇಲ್ಲ.

ನಾಲ್ಕನೇ ಸೆಮಿಸ್ಟರ್

ಸಾರ್ಟ್ ಮಾಡುವುದು ನನ್ನ ಉದ್ದೇಶವಲ್ಲ. ಕೋಷ್ಟಕದ ಮೂರು ಕಾಲಮ್‌ಗಳು ಏನು ಹೇಳುತ್ತಿವೆ ಎಂಬುದು ನನ್ನ ಪ್ರಶ್ನೆ.

ಎಣಿಕೆಗಾರ

ಒಮೆಗಾ ಅಭಿಮಾನಿಯವರೇ, ನೀವು ಹೇಳಿದ ಸಮೀಕರಣ ಬಹಳ ಕಡೆ ಓಡಾಡುತ್ತಿದೆ, ಆದರೆ ಅದು ಸರಿಯಲ್ಲ. ಬೆಸ್ಟ್, ಸರಾಸರಿ, ವರ್ಸ್ಟ್ ಎಂಬುವು ನಾವು ಯಾವ ಇನ್‌ಪುಟ್‌ಗಳ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದನ್ನು ನಿರ್ಧರಿಸುತ್ತವೆ. ಹಾಗೆ ನಿರ್ಧರಿಸಿದ ಮೇಲೆ ನಮ್ಮ ಕೈಗೆ n ಮೇಲೆ ಅವಲಂಬಿಸಿದ ಒಂದು ಲೆಕ್ಕ ಸಿಗುತ್ತದೆ. ಆ ಲೆಕ್ಕ ಎಷ್ಟಕ್ಕಿಂತ ವೇಗವಾಗಿ ಬೆಳೆಯುವುದಿಲ್ಲ, ಎಷ್ಟಕ್ಕಿಂತ ನಿಧಾನವಾಗಿ ಬೆಳೆಯುವುದಿಲ್ಲ ಎಂದು ಹೇಳುವುದು ಮಾತ್ರ ಓ, ಒಮೆಗಾ, ಥೀಟಾಗಳ ಕೆಲಸ. ಆದ್ದರಿಂದ ಮೂರು ಕೇಸ್‌ಗಳಲ್ಲಿ ಯಾವುದಕ್ಕೆ ಬೇಕಾದರೂ ಮೂರು ಚಿಹ್ನೆಗಳಲ್ಲಿ ಯಾವುದನ್ನು ಬೇಕಾದರೂ ಹಾಕಬಹುದು. "ಮರ್ಜ್ ಸಾರ್ಟ್‌ನ ವರ್ಸ್ಟ್ ಕೇಸ್ O(n²)" ಎಂಬ ಹೇಳಿಕೆ ಕೂಡ ಸುಳ್ಳಲ್ಲ, ಸಡಿಲವಾದದ್ದು ಅಷ್ಟೆ. ಎರಡು ವಿಧಾನಗಳ ಬಿಗ್ ಓ ಒಂದೇ ಇದೆ ಎಂಬುದರಿಂದ ಅವು ಸಮ ಎಂದು ಸಾಧಿಸಲಾಗದು, ಏಕೆಂದರೆ ಮೇಲ್ಮಿತಿಗಳು ಸಮವಾಗಿದ್ದ ಮಾತ್ರಕ್ಕೆ ಮಿತಿಯೊಳಗಿನ ಲೆಕ್ಕಗಳು ಸಮವಾಗಬೇಕಿಲ್ಲ. ಹೋಲಿಸುವಾಗ ಎರಡೂ ಬದಿಯಲ್ಲಿ ಥೀಟಾ ಇರಬೇಕು.

ಪ್ರಶ್ನೆ ಕೇಳಿದವರಿಗೆ ಇನ್ನೂ ಮುಖ್ಯವಾದ ವಿಷಯವೊಂದಿದೆ. ಬೆಸ್ಟ್ ಕೇಸ್ ಎಂಬುದು ಇನ್‌ಪುಟ್‌ನ ಗುಣವಲ್ಲ. ಒಂದು ನಿರ್ದಿಷ್ಟ ವಿಧಾನವೂ ಒಂದು ನಿರ್ದಿಷ್ಟ ಇನ್‌ಪುಟ್ಟೂ ಎದುರಾದಾಗ ಹುಟ್ಟುವ ಸಂಬಂಧ ಅದು. ಕೋಷ್ಟಕದ ಒಂದು ಕಾಲಮ್‌ನಲ್ಲಿ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದರೆ ಎಲ್ಲ ವಿಧಾನಗಳೂ ಒಂದೇ ಪಟ್ಟಿಯ ಮೇಲೆ ಓಡುತ್ತಿವೆ ಎಂಬ ಭ್ರಮೆ ಬರುತ್ತದೆ, ಆದರೆ ಪ್ರತಿ ಸಾಲಿನ ಹಿಂದೆ ಇರುವ ಪಟ್ಟಿ ಬೇರೆ ಬೇರೆ. ಎಂಟು ಸಂಖ್ಯೆಗಳ ಈ ಪಟ್ಟಿಯನ್ನು ಕೈಯಿಂದ ಲೆಕ್ಕ ಹಾಕಿ ನೋಡಿ.

```
5 2 8 1 9 4 7 3
```

ಮೊದಲು ಇನ್ಸರ್ಷನ್ ಸಾರ್ಟ್. ಎಡಗಡೆಯಿಂದ ಒಂದೊಂದೇ ಸಂಖ್ಯೆಯನ್ನು ಎತ್ತಿ, ತನಗಿಂತ ದೊಡ್ಡವುಗಳನ್ನು ಬಲಕ್ಕೆ ಸರಿಸಿ, ಅದರ ಜಾಗಕ್ಕೆ ಕೂರಿಸಬೇಕು. 2 ಬಂದಾಗ ಒಂದು ಸರಿತ, 8 ಬಂದಾಗ ಏನೂ ಇಲ್ಲ, 1 ಬಂದಾಗ ಮೂರು, 9ಕ್ಕೆ ಏನೂ ಇಲ್ಲ, 4ಕ್ಕೆ ಮೂರು, 7ಕ್ಕೆ ಎರಡು, 3ಕ್ಕೆ ಐದು. ಒಟ್ಟು 14 ಸರಿತಗಳು. ಎಂಟು ಸಂಖ್ಯೆಗಳಿಗೆ ಅತಿ ಹೆಚ್ಚೆಂದರೆ 28 ಸರಿತಗಳು ಬೇಕಾಗುತ್ತವೆ, ಅತಿ ಕಡಿಮೆ ಎಂದರೆ ಸೊನ್ನೆ. ಅಂದರೆ ಈ ಪಟ್ಟಿ ಇನ್ಸರ್ಷನ್ ಸಾರ್ಟ್‌ಗೆ ನಟ್ಟನಡುವಿನದು.

ಈಗ ನಿಮ್ಮದೇ ಕ್ವಿಕ್ ಸಾರ್ಟ್. ಮೊದಲ ಪಿವಟ್ 5. ಉಳಿದ ಏಳನ್ನು ಅದರೊಂದಿಗೆ ಹೋಲಿಸಿದರೆ ಎಡಕ್ಕೆ 2 1 4 3, ಬಲಕ್ಕೆ 8 9 7 ಬೀಳುತ್ತವೆ. ಎಡಭಾಗದಲ್ಲಿ ಪಿವಟ್ 2ಕ್ಕೆ ಮೂರು ಹೋಲಿಕೆ, ಅದರಿಂದ ಉಳಿದ 4 3ಕ್ಕೆ ಒಂದು. ಬಲಭಾಗದಲ್ಲಿ ಪಿವಟ್ 8ಕ್ಕೆ ಎರಡು. ಒಟ್ಟು 7 + 3 + 1 + 2 = 13. ಎಂಟು ಬೇರೆ ಬೇರೆ ಸಂಖ್ಯೆಗಳಿಗೆ ಕ್ವಿಕ್ ಸಾರ್ಟ್ ಇದಕ್ಕಿಂತ ಕಡಿಮೆ ಹೋಲಿಕೆಯಲ್ಲಿ ಮುಗಿಯುವುದಿಲ್ಲ, ಏಕೆಂದರೆ ಪ್ರತಿ ಪಿವಟ್ ಕೂಡ ಸಾಧ್ಯವಾದಷ್ಟು ಮಧ್ಯಕ್ಕೇ ಬಿದ್ದಿದೆ. ಇದು ಅದರ ಬೆಸ್ಟ್ ಕೇಸ್. ನಿಮ್ಮ ಕೋಡ್ ಪ್ರತಿ ಸಂಖ್ಯೆಯನ್ನು `l`ಗೆ ಒಮ್ಮೆ, `r`ಗೆ ಇನ್ನೊಮ್ಮೆ ಹೋಲಿಸುತ್ತದೆ. ನಾನು ಅದನ್ನು ಒಂದೇ ಎಂದು ಎಣಿಸಿದ್ದೇನೆ, ಇಮ್ಮಡಿ ಮಾಡಿಕೊಂಡರೂ ಬೆಳವಣಿಗೆಯ ಸ್ವರೂಪ ಬದಲಾಗುವುದಿಲ್ಲ.

ಕೊನೆಗೆ ಮರ್ಜ್ ಸಾರ್ಟ್. ನಾಲ್ಕು ಜೋಡಿಗಳಿಗೆ ಒಂದೊಂದರಂತೆ ನಾಲ್ಕು ಹೋಲಿಕೆ. 2 5 ಮತ್ತು 1 8 ಸೇರಿಸಲು ಮೂರು, 4 9 ಮತ್ತು 3 7 ಸೇರಿಸಲು ಮೂರು. ಕಡೆಯದಾಗಿ 1 2 5 8 ಮತ್ತು 3 4 7 9 ಸೇರಿಸುವಾಗ ಎರಡೂ ಬದಿಗಳು ಕೊನೆಯವರೆಗೂ ಖಾಲಿಯಾಗದೆ ಏಳು ಹೋಲಿಕೆ ಬೇಕಾಗುತ್ತವೆ. ಒಟ್ಟು 17, ಇದು ಎಂಟು ಸಂಖ್ಯೆಗಳಿಗೆ ಮರ್ಜ್ ಸಾರ್ಟ್‌ನ ವರ್ಸ್ಟ್ ಕೇಸ್.

ಒಂದೇ ಪಟ್ಟಿ ಒಂದಕ್ಕೆ ಬೆಸ್ಟ್, ಒಂದಕ್ಕೆ ನಡುವಿನದು, ಒಂದಕ್ಕೆ ವರ್ಸ್ಟ್. ಈಗ 1ರಿಂದ 8ರವರೆಗೆ ಏರಿಕೆ ಕ್ರಮದಲ್ಲಿ ಬರೆದು ಮತ್ತೆ ಲೆಕ್ಕ ಹಾಕಿ. ಇನ್ಸರ್ಷನ್ ಸಾರ್ಟ್‌ಗೆ 7 ಹೋಲಿಕೆ, ಸರಿತ ಸೊನ್ನೆ, ಅದು ಅದರ ಬೆಸ್ಟ್. ಮರ್ಜ್ ಸಾರ್ಟ್‌ಗೆ 12, ಅದೂ ಬೆಸ್ಟ್. ನಿಮ್ಮ ಕ್ವಿಕ್ ಸಾರ್ಟ್‌ಗೆ 7 + 6 + 5 + 4 + 3 + 2 + 1 = 28, ಅದು ವರ್ಸ್ಟ್. 5000 ಸಂಖ್ಯೆಗಳಲ್ಲಿ ನೀವು ಕಂಡದ್ದು ಇದನ್ನೇ. ಪ್ರತಿ ಬಾರಿ ಒಂದೇ ಒಂದು ಸಂಖ್ಯೆ ಕಳಚಿ ಉಳಿದದ್ದೆಲ್ಲ ಬಲಕ್ಕೆ ಹೋಗುವುದರಿಂದ ರಿಕರ್ಶನ್‌ನ ಆಳ 5000 ಆಗುತ್ತದೆ, ಪೈಥಾನ್‌ನ ಸಹಜ ಮಿತಿಯೋ 1000.

ನಾಲ್ಕನೇ ಸೆಮಿಸ್ಟರ್

ಕೈಯಿಂದ ಮಾಡಿ ನೋಡಿದೆ, ಎಲ್ಲ ಸಂಖ್ಯೆಗಳೂ ಹೊಂದಿಕೆಯಾದವು. ಹಾಗಾದರೆ "ಬೆಸ್ಟ್ ಕೇಸ್ ಎಂದರೆ ಏರಿಕೆ ಕ್ರಮದ ಪಟ್ಟಿ, ವರ್ಸ್ಟ್ ಕೇಸ್ ಎಂದರೆ ಇಳಿಕೆ ಕ್ರಮದ ಪಟ್ಟಿ" ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿರುವುದು ಇನ್ಸರ್ಷನ್ ಸಾರ್ಟ್‌ಗೆ ಮಾತ್ರ ಹೊಂದುತ್ತದೆ ಅಲ್ಲವೇ?

ಎಣಿಕೆಗಾರ

ಹೌದು. ನಿಮ್ಮ ಕ್ವಿಕ್ ಸಾರ್ಟ್‌ಗೆ ಏರಿಕೆ, ಇಳಿಕೆ ಎರಡೂ ವರ್ಸ್ಟ್.

ಕೆಳಮಿತಿ

ಎಣಿಕೆಗಾರರ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದು ನನಗೆ ಅನ್ನಿಸುತ್ತದೆ. ಹೋಲಿಕೆಯನ್ನೇ ಆಧರಿಸಿದ ಯಾವ ಸಾರ್ಟ್ ಕೂಡ n log n ಗಿಂತ ಕೆಳಗೆ ಇಳಿಯಲಾರದು ಎಂಬುದಕ್ಕೆ ಸಾಧನೆಯೇ ಇದೆ. ಎಂಟು ಸಂಖ್ಯೆಗಳನ್ನು 40,320 ರೀತಿಯಲ್ಲಿ ಜೋಡಿಸಬಹುದು. ಒಂದೊಂದು ಹೋಲಿಕೆಗೂ ಎರಡೇ ಉತ್ತರ, ಆದ್ದರಿಂದ 15 ಹೋಲಿಕೆಗಳು 32,768 ಜೋಡಣೆಗಳನ್ನಷ್ಟೇ ಬೇರ್ಪಡಿಸಬಲ್ಲವು. ಕನಿಷ್ಠ 16 ಬೇಕೇ ಬೇಕು. ಹಾಗಿರುವಾಗ 13ರಲ್ಲಿ, 12ರಲ್ಲಿ, 7ರಲ್ಲಿ ಮುಗಿಯಿತು ಎನ್ನುವುದು ಹೇಗೆ ಸಾಧ್ಯ?

ಮಧ್ಯಮ ಪಿವಟ್

ಕೆಳಮಿತಿಯವರೇ, ಆ 16 ಎಂಬುದು ವರ್ಸ್ಟ್ ಕೇಸ್ ಬಗ್ಗೆ ಹೇಳುವ ಮಾತು. ಯಾವ ವಿಧಾನವನ್ನೇ ತನ್ನಿ, ಅದನ್ನು 16ಕ್ಕಾದರೂ ತಲುಪಿಸುವ ಒಂದು ಜೋಡಣೆಯಾದರೂ ಇದ್ದೇ ಇರುತ್ತದೆ ಎಂದು ಅದು ಸಾಧಿಸುತ್ತದೆ. ಪ್ರತಿಯೊಂದು ಜೋಡಣೆಗೂ 16 ಬೇಕು ಎಂದು ಅದು ಹೇಳುವುದಿಲ್ಲ. ಇನ್ಸರ್ಷನ್ ಸಾರ್ಟ್ ಏರಿಕೆ ಕ್ರಮದ ಪಟ್ಟಿಯಲ್ಲಿ ಅಕ್ಕಪಕ್ಕದ ಏಳು ಜೋಡಿಗಳನ್ನು ನೋಡಿ ಎಲ್ಲವೂ ಸರಿಯಾಗಿವೆ ಎಂದು ಕಂಡುಕೊಂಡರೆ ಇನ್ನೇನನ್ನೂ ಕೇಳಬೇಕಿಲ್ಲ. ಕೆಲವು ಜೋಡಣೆಗಳಲ್ಲಿ ಹೀಗೆ ಮಿಗಿಸಿದ್ದಕ್ಕೆ ಉಳಿದ ಜೋಡಣೆಗಳಲ್ಲಿ ಬೆಲೆ ತೆರಬೇಕಾಗುತ್ತದೆ.

ಕೆಳಮಿತಿ

ಆದರೆ ಸರಾಸರಿಗೂ ಇದೇ ಮಿತಿ ಅನ್ವಯಿಸುತ್ತದೆ ಎಂದು ಓದಿದ್ದೇನೆ.

ಮಧ್ಯಮ ಪಿವಟ್

ಅನ್ವಯಿಸುತ್ತದೆ. 40,320 ಜೋಡಣೆಗಳೂ ಸಮಾನ ಸಂಭವವುಳ್ಳವು ಎಂದು ಹಿಡಿದರೆ ಯಾವ ವಿಧಾನದ ಸರಾಸರಿಯೂ 15.3 ಹೋಲಿಕೆಗಿಂತ ಕೆಳಗೆ ಬರುವುದಿಲ್ಲ. ಕ್ವಿಕ್ ಸಾರ್ಟ್‌ನ ಸರಾಸರಿ ಎಂಟಕ್ಕೆ ಸುಮಾರು 16.9, ಅಂದರೆ ಮಿತಿಯ ಮೇಲೆಯೇ ಇದೆ. ಮಿತಿಯಿಂದ ತಪ್ಪಿಸಿಕೊಳ್ಳುವುದು ಬೆಸ್ಟ್ ಕೇಸ್ ಒಂದೇ. ಹಾಗಾಗಿ ಬೆಸ್ಟ್ ಕೇಸ್ ಕಾಲಮ್‌ನಲ್ಲಿ n ಕಂಡಾಗ ಯಾರೋ ನಿಯಮ ಮುರಿದರು ಎಂದು ಗಾಬರಿಯಾಗಬೇಕಾಗಿಲ್ಲ, ಅದನ್ನು ಕಂಡು ಆ ವಿಧಾನವೇ ಶ್ರೇಷ್ಠ ಎಂದು ತೀರ್ಮಾನಿಸುವಂತೆಯೂ ಇಲ್ಲ. ಯಾವ ವಿಧಾನಕ್ಕೇ ಆಗಲಿ, ಮೊದಲು ಪಟ್ಟಿ ಕ್ರಮದಲ್ಲಿದೆಯೇ ಎಂದು ನೋಡುವ ಒಂದು ಲೂಪ್ ಸೇರಿಸಿದರೆ ಅದರ ಬೆಸ್ಟ್ ಕೇಸ್ n ಆಗಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತಿ ಕಡಿಮೆ ಮಾಹಿತಿ ಕೊಡುವ ಕಾಲಮ್ ಅದೇ.

ಲಾಗ್ ನೋಡುವವನು

ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಾನು ದಿನವೂ ನೋಡುವ ಲಾಗ್‌ಗಳಲ್ಲಿ ದಾಖಲೆಗಳು ಬಹುತೇಕ ಸಮಯದ ಕ್ರಮದಲ್ಲೇ ಬರುತ್ತವೆ. ಜಾಲದ ವಿಳಂಬದಿಂದ ಕೆಲವು ದಾಖಲೆಗಳು ತಮ್ಮ ಜಾಗಕ್ಕಿಂತ ಮೂರು ನಾಲ್ಕು ಸಾಲು ತಡವಾಗಿ ಬರುತ್ತವೆ, ಅಷ್ಟೆ. ಇಂಥ ಕಡೆ ಬೆಸ್ಟ್ ಕೇಸೇ ನಿತ್ಯದ ಕೇಸ್. ಸರಾಸರಿ n² ಎಂಬ ಕಾರಣಕ್ಕೆ ಇನ್ಸರ್ಷನ್ ಸಾರ್ಟ್ ಅನ್ನು ತಳ್ಳಿಹಾಕಿದ್ದರೆ ನನಗೆ ನಷ್ಟವಾಗುತ್ತಿತ್ತು. ಬಹುತೇಕ ಕ್ರಮದಲ್ಲಿರುವ ಪಟ್ಟಿಗೆ ಇನ್ಸರ್ಷನ್ ಸಾರ್ಟ್ ಎಂದು ಕಣ್ಣುಮುಚ್ಚಿ ಬರೆಯಬಹುದು ಎಂಬುದು ನನ್ನ ಅನುಭವ.

ಎಣಿಕೆಗಾರ

ನಿಮ್ಮ ಅನುಭವ ಸರಿ, ಆದರೆ "ಬಹುತೇಕ ಕ್ರಮದಲ್ಲಿ" ಎಂಬುದನ್ನು ಅಳೆಯದೆ ಕಣ್ಣುಮುಚ್ಚಿ ಬರೆದರೆ ಮೋಸ ಹೋಗುವ ಅಪಾಯವಿದೆ. ಇನ್ಸರ್ಷನ್ ಸಾರ್ಟ್ ಮಾಡುವ ಸರಿತಗಳ ಸಂಖ್ಯೆ, ಪಟ್ಟಿಯಲ್ಲಿ ದೊಡ್ಡದು ಮೊದಲು ಚಿಕ್ಕದು ನಂತರ ಬಂದಿರುವ ಜೋಡಿಗಳ ಸಂಖ್ಯೆಗೆ ನಿಖರವಾಗಿ ಸಮ. ಒಂದು ಸರಿತ ಅಂಥ ಒಂದೇ ಒಂದು ಜೋಡಿಯನ್ನು ಸರಿಪಡಿಸುತ್ತದೆ. ನಿಮ್ಮ ಲಾಗ್‌ನಲ್ಲಿ 10,000 ದಾಖಲೆಗಳಿದ್ದು, ಪ್ರತಿಯೊಂದೂ ಹೆಚ್ಚೆಂದರೆ ಐದು ದಾಖಲೆಗಳನ್ನು ದಾಟಿ ಹಿಂದೆ ಹೋಗಬೇಕಿದ್ದರೆ ಒಟ್ಟು ಸರಿತ 50,000 ಮೀರುವುದಿಲ್ಲ. ಅದು n ಜೊತೆಗೇ ಬೆಳೆಯುವ ಲೆಕ್ಕ.

ಈಗ ಬೇರೆ ರೀತಿಯ "ಬಹುತೇಕ ಕ್ರಮ" ನೋಡಿ. ಕ್ರಮದಲ್ಲಿರುವ 10,000 ದಾಖಲೆಗಳ ಕೊನೆಗೆ ಎಲ್ಲೆಲ್ಲಿಗೋ ಸೇರಬೇಕಾದ 1000 ಹೊಸ ದಾಖಲೆಗಳನ್ನು ಹಾಕಿ. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಸರಿಯಾಗಿಯೇ ಇದೆ ಎಂದು ಕಾಣುತ್ತದೆ. ಆದರೆ ಹೊಸದೊಂದು ಸರಾಸರಿಯಲ್ಲಿ 5000 ಹಳೆಯ ದಾಖಲೆಗಳನ್ನು ದಾಟಬೇಕು, ಆದ್ದರಿಂದ ಸರಿತಗಳು 50 ಲಕ್ಷವನ್ನು ಮೀರುತ್ತವೆ. ಅಂಥ ಕಡೆ ಹೊಸ 1000ವನ್ನು ಮೊದಲು ಪ್ರತ್ಯೇಕವಾಗಿ ಸಾರ್ಟ್ ಮಾಡಿ ಒಮ್ಮೆ ಮರ್ಜ್ ಮಾಡಿದರೆ, ಮರ್ಜ್‌ಗೆ ಹತ್ತಿರ ಹತ್ತಿರ 11,000 ಹೋಲಿಕೆ ಸಾಕು. ಎಷ್ಟು ದಾಖಲೆಗಳು ತಪ್ಪು ಜಾಗದಲ್ಲಿವೆ ಎಂಬುದರ ಜೊತೆಗೆ ಅವು ಎಷ್ಟು ದೂರ ಹೋಗಬೇಕು ಎಂಬುದನ್ನೂ ನೋಡಬೇಕು.

ಲಾಗ್ ನೋಡುವವನು

ದೂರದ ಮಾತು ಒಪ್ಪುತ್ತೇನೆ. ನಮ್ಮಲ್ಲಿ ಇನ್ನೊಂದು ಮೂಲದಿಂದ ದಾಖಲೆಗಳು ಕಟ್ಟುಕಟ್ಟಾಗಿ ಬಂದು ಸೇರುವ ದಿನಗಳಲ್ಲಿ ಸಾರ್ಟ್ ಏಕೆ ಎಳೆಯುತ್ತದೆ ಎಂಬುದಕ್ಕೆ ಈಗ ಕಾರಣ ಸಿಕ್ಕಿತು. ಆದರೂ ಬೆಸ್ಟ್ ಕೇಸ್ ಕಾಲಮ್ ನಿರುಪಯುಕ್ತ ಎಂಬುದನ್ನು ಒಪ್ಪಲಾರೆ. ಆ n ಎಂಬುದನ್ನು ನೋಡಿಯೇ ನಾನು ಈ ವಿಧಾನದ ಕಡೆ ತಿರುಗಿದ್ದು.

ಸಾಲು ಸಾಲು

ಎಣಿಕೆಗಾರರೇ, ಒಂದು ಸಣ್ಣ ಪ್ರಶ್ನೆ. ನೀವು ಮೊದಲು 14 ನಟ್ಟನಡುವಿನದು ಎಂದಿರಿ. ನಟ್ಟನಡುವಿನದೇ ಸರಾಸರಿ ಎಂದು ಹೇಗೆ ಗೊತ್ತು? ಬೆಸ್ಟ್ ಮತ್ತು ವರ್ಸ್ಟ್ ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ ಬರುತ್ತದೆಯೇ?

ಎಣಿಕೆಗಾರ

ಸಾಮಾನ್ಯವಾಗಿ ಹಾಗೆ ಭಾಗಿಸುವುದು ತಪ್ಪು. ಹಾಗೆ ಮಾಡಿದರೆ ಕ್ವಿಕ್ ಸಾರ್ಟ್‌ನ ಸರಾಸರಿ ಎಂಟಕ್ಕೆ 20.5 ಎಂದು ಬರುತ್ತದೆ, ನಿಜವಾದದ್ದು 16.9. n ಬೆಳೆದಂತೆ ಈ ಅಂತರ ವಿಪರೀತ ಹಿಗ್ಗುತ್ತದೆ, ಏಕೆಂದರೆ n² ಕಡೆಗೆ ಎಳೆಯುವ ಜೋಡಣೆಗಳು ಒಟ್ಟಿನಲ್ಲಿ ಬಹಳ ವಿರಳ.

ಇನ್ಸರ್ಷನ್ ಸಾರ್ಟ್‌ನಲ್ಲಿ ನಡು ಮತ್ತು ಸರಾಸರಿ ಒಂದೇ ಆಗುವುದಕ್ಕೆ ವಿಶೇಷ ಕಾರಣವಿದೆ, ಅದು ನನಗೆ ಬಹಳ ಇಷ್ಟವಾದ ವಾದ. ಯಾವುದೇ ಪಟ್ಟಿಯನ್ನೂ ಅದನ್ನು ಹಿಂದುಮುಂದಾಗಿ ಬರೆದ ಪಟ್ಟಿಯನ್ನೂ ಜೊತೆಯಾಗಿ ಇಡಿ. ಎಂಟು ಸಂಖ್ಯೆಗಳಲ್ಲಿ 28 ಜೋಡಿಗಳಿವೆ. ಪ್ರತಿ ಜೋಡಿಯೂ ಈ ಎರಡು ಪಟ್ಟಿಗಳ ಪೈಕಿ ಒಂದರಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಪ್ಪಾಗಿಯೂ ಇರುತ್ತದೆ. ಹಾಗಾಗಿ ಎರಡೂ ಪಟ್ಟಿಗಳ ಸರಿತಗಳನ್ನು ಕೂಡಿಸಿದರೆ ಯಾವಾಗಲೂ 28. 40,320 ಜೋಡಣೆಗಳನ್ನು ಹೀಗೆ ಎರಡೆರಡಾಗಿ ಕಟ್ಟಿದರೆ ಸರಾಸರಿ 14 ಎಂಬುದು ತಾನಾಗಿ ಬರುತ್ತದೆ. n ಸಂಖ್ಯೆಗಳಿಗೆ n(n−1)/4. ವರ್ಸ್ಟ್ ಕೇಸ್‌ನ ಅರ್ಧ ಮಾತ್ರ, ಅರ್ಧವಾದರೂ n² ಬೆಳವಣಿಗೆಯೇ. ಕೋಷ್ಟಕದಲ್ಲಿ ಸರಾಸರಿ ಮತ್ತು ವರ್ಸ್ಟ್ ಎರಡೂ n² ಎಂದು ಒಂದೇ ತರಹ ಕಾಣುವುದರ ಹಿಂದೆ ಈ ಇಮ್ಮಡಿ ವ್ಯತ್ಯಾಸ ಅಡಗಿದೆ.

ಸಾಲು ಸಾಲು

ತಲೆಗೆ ಹತ್ತಿತು. ಹಿಂದುಮುಂದು ಜೋಡಿಸುವ ವಾದವನ್ನು ನಾನು ಎಲ್ಲೂ ಕೇಳಿರಲಿಲ್ಲ.

ಒಮೆಗಾ ಅಭಿಮಾನಿ

ಚಿಹ್ನೆಗಳ ವಿಷಯ ಬಿಡೋಣ. ಆದರೆ ಕ್ವಿಕ್ ಸಾರ್ಟ್‌ನ ವರ್ಸ್ಟ್ ಕೇಸ್ ಬಗ್ಗೆ ಇಷ್ಟು ಚರ್ಚೆ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಪಿವಟ್ ಅನ್ನು ಯಾದೃಚ್ಛಿಕವಾಗಿ ಆರಿಸಿದರೆ ಸಮಸ್ಯೆ ಮುಗಿಯಿತು. `a[0]` ಇರುವ ಕಡೆ `random.choice(a)` ಹಾಕಿ. ಆಮೇಲೆ n² ಬರುವುದೇ ಇಲ್ಲ.

ಪ್ರಯೋಗಾಲಯದ ಮೇಡಂ

ಅಷ್ಟು ಮಾತ್ರ ಬದಲಿಸಿದರೆ ಕೋಡ್ ತಪ್ಪು ಉತ್ತರ ಕೊಡುತ್ತದೆ. `a[1:]` ಎಂಬುದು ಮೊದಲ ಸ್ಥಾನವನ್ನೇ ಬಿಡುತ್ತದೆ, ಆದರೆ ಪಿವಟ್ ಬೇರೆಲ್ಲೋ ಇದ್ದಿರಬಹುದು. ಪಿವಟ್ ಅನ್ನು ಮೊದಲ ಸ್ಥಾನಕ್ಕೆ ತಂದುಕೊಂಡು ಮುಂದುವರಿಯಬೇಕು. ವಿದ್ಯಾರ್ಥಿಗಳ ಕೋಡ್‌ನಲ್ಲಿ ಈ ತಪ್ಪನ್ನು ಆಗಾಗ ಕಾಣುತ್ತೇನೆ. ಒಂದು ಸಂಖ್ಯೆ ಕಾಣೆಯಾಗಿ ಇನ್ನೊಂದು ಎರಡು ಸಲ ಬಂದಿರುತ್ತದೆ.

ಅದನ್ನು ಸರಿಪಡಿಸಿದರೂ "n² ಬರುವುದೇ ಇಲ್ಲ" ಎಂಬುದು ನಿಲ್ಲುವುದಿಲ್ಲ. ಎಂಟೂ ಸಂಖ್ಯೆಗಳು ಒಂದೇ ಆಗಿರುವ ಪಟ್ಟಿಯನ್ನು, ಅಂದರೆ 6 6 6 6 6 6 6 6 ಎಂಬುದನ್ನು ಆ ಕೋಡ್‌ಗೆ ಕೊಡಿ. ಯಾವ 6 ಅನ್ನು ಪಿವಟ್ ಮಾಡಿದರೂ `x >= p` ಎಂಬ ಷರತ್ತು ಉಳಿದ ಏಳನ್ನೂ ಬಲಕ್ಕೆ ತಳ್ಳುತ್ತದೆ. ಆಮೇಲೆ ಆರು, ಆಮೇಲೆ ಐದು. ಮತ್ತೆ ಅದೇ 28. ಇಲ್ಲಿ ಪಿವಟ್‌ನ ಆಯ್ಕೆಗೆ ಯಾವ ಪಾತ್ರವೂ ಇಲ್ಲ. ಅಂಕಪಟ್ಟಿ, ವಯಸ್ಸು, ಶ್ರೇಣಿ ಇಂಥ ಕೆಲವೇ ಬೆಲೆಗಳು ಮರುಕಳಿಸುವ ದತ್ತಾಂಶದಲ್ಲಿ ಇದು ನಿಜವಾಗಿಯೂ ಎದುರಾಗುತ್ತದೆ. ಪಿವಟ್‌ಗೆ ಸಮವಾದವುಗಳನ್ನು ಮೂರನೆಯ ಗುಂಪಾಗಿ ಬೇರೆ ಇಟ್ಟು ಅವುಗಳ ಮೇಲೆ ರಿಕರ್ಶನ್ ಮಾಡದೆ ಬಿಟ್ಟರೆ ಇದೇ ಪಟ್ಟಿ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಮಧ್ಯಮ ಪಿವಟ್

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯಾದೃಚ್ಛಿಕ ಪಿವಟ್ ತಂದಾಗ "ಸರಾಸರಿ" ಎಂಬುದರ ಅರ್ಥವೇ ಬದಲಾಗುತ್ತದೆ. `a[0]` ಪಿವಟ್ ಇದ್ದಾಗ ಸರಾಸರಿ ಎಂದರೆ ಎಲ್ಲ ಜೋಡಣೆಗಳೂ ಸಮಾನವಾಗಿ ಬರುತ್ತವೆ ಎಂಬ ಊಹೆಯ ಮೇಲಿನ ಸರಾಸರಿ. ಆ ಊಹೆ ನಿಮ್ಮ ದತ್ತಾಂಶದ ಬಗ್ಗೆ. ದತ್ತಾಂಶ ಹಾಗಿರದಿದ್ದರೆ ಕೋಷ್ಟಕದ ಆ ಕಾಲಮ್ ನಿಮಗೆ ಏನನ್ನೂ ಭರವಸೆ ಕೊಡುವುದಿಲ್ಲ, ಏರಿಕೆ ಕ್ರಮದ 5000 ಸಂಖ್ಯೆಗಳಲ್ಲಿ ಅದು ಕಂಡದ್ದೇ. ಯಾದೃಚ್ಛಿಕ ಪಿವಟ್ ಇದ್ದಾಗ ಸರಾಸರಿಯನ್ನು ಪ್ರೋಗ್ರಾಮ್ ತಾನೇ ಆರಿಸುವ ಪಿವಟ್‌ಗಳ ಮೇಲೆ ತೆಗೆಯುತ್ತೇವೆ. ಆಗ ಬೆಲೆಗಳು ಬೇರೆ ಬೇರೆಯಾಗಿರುವ ಯಾವ ಪಟ್ಟಿ ಕೊಟ್ಟರೂ ನಿರೀಕ್ಷಿತ ಹೋಲಿಕೆ n log n ಬೆಳವಣಿಗೆಯದ್ದೇ. ಪಿವಟ್‌ಗಳು ಪ್ರತಿ ಸಲವೂ ಕೆಟ್ಟದಾಗಿಯೇ ಬೀಳುವ ಸಾಧ್ಯತೆ ಸಂಪೂರ್ಣ ಅಳಿಯುವುದಿಲ್ಲ, ಆದ್ದರಿಂದ ವರ್ಸ್ಟ್ ಕೇಸ್ n² ಎಂಬುದು ಹಾಗೆಯೇ ಉಳಿಯುತ್ತದೆ. ಆದರೆ ಅದನ್ನು ತಪ್ಪದೆ ತರಿಸುವ ಒಂದು ನಿಗದಿತ ಪಟ್ಟಿ ಇರುವುದಿಲ್ಲ. ಕೋಷ್ಟಕದಲ್ಲಿ ಎರಡೂ ಆವೃತ್ತಿಗಳಿಗೆ ಒಂದೇ ಸಾಲು ಬರೆಯುತ್ತಾರೆ, ಆ ಸಾಲಿನ ಅರ್ಥ ಮಾತ್ರ ಎರಡು.

ಒಮೆಗಾ ಅಭಿಮಾನಿ

ಒಪ್ಪಿದೆ, ಸಮ ಬೆಲೆಗಳ ವಿಷಯ ನನ್ನ ಗಮನದಲ್ಲಿರಲಿಲ್ಲ. ಆದರೂ ಗ್ರಂಥಾಲಯಗಳಲ್ಲಿ ಕ್ವಿಕ್ ಸಾರ್ಟ್ ಬಳಸುತ್ತಾರಲ್ಲ, ಅವರಿಗೆ n² ಭಯವಿಲ್ಲವೇ?

ಮಧ್ಯಮ ಪಿವಟ್

ಭಯವಿದೆ, ಅದಕ್ಕೇ ಇಂಟ್ರೋಸಾರ್ಟ್ ಹುಟ್ಟಿತು. ಡೇವಿಡ್ ಮಸ್ಸರ್ 1997ರಲ್ಲಿ ಪ್ರಕಟಿಸಿದ ವಿಧಾನ ಅದು. ಕ್ವಿಕ್ ಸಾರ್ಟ್ ಆಗಿಯೇ ಆರಂಭವಾಗುತ್ತದೆ, ರಿಕರ್ಶನ್‌ನ ಆಳ log nನ ಒಂದು ನಿಗದಿತ ಗುಣಕವನ್ನು ಮೀರಿದರೆ ಆ ಭಾಗವನ್ನು ಹೀಪ್ ಸಾರ್ಟ್‌ಗೆ ಒಪ್ಪಿಸುತ್ತದೆ. ಹೀಗೆ ಸರಾಸರಿಯಲ್ಲಿ ಕ್ವಿಕ್ ಸಾರ್ಟ್‌ನ ವೇಗ ಉಳಿಸಿಕೊಂಡು ವರ್ಸ್ಟ್ ಕೇಸ್ ಅನ್ನು n log n ಗೆ ಇಳಿಸುತ್ತದೆ. ಇನ್ನು ಮೇಲೆ ಒಬ್ಬರು ಹೇಳಿದ `sorted()` ಹಿಂದೆ ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್ ಬಹಳ ಕಾಲ ಇತ್ತು. ಅದು ಮರ್ಜ್ ಸಾರ್ಟ್ ಕುಟುಂಬದ್ದು, ಪಟ್ಟಿಯಲ್ಲಿ ಮೊದಲೇ ಕ್ರಮದಲ್ಲಿರುವ ತುಂಡುಗಳನ್ನು ಗುರುತಿಸಿ ಬಳಸಿಕೊಳ್ಳುತ್ತದೆ. ಲಾಗ್ ನೋಡುವವರ ಎರಡೂ ಸಂದರ್ಭಗಳಿಗೆ ಅದು ಹೊಂದುತ್ತದೆ.

ಬೇಗ ಮುಗಿಸಿ

ನಾನು ಮೊದಲೇ ಹೇಳಿದ್ದೆನಲ್ಲ!

ನಾಲ್ಕನೇ ಸೆಮಿಸ್ಟರ್

ಸಮಯ ಅಳೆದರೆ ಫಲಿತಾಂಶ ಸಲಸಲಕ್ಕೂ ಏರುಪೇರಾಗುತ್ತಿದೆ. ಬೆಳವಣಿಗೆ n² ಹೌದೋ ಅಲ್ಲವೋ ಎಂದು ಪ್ರಯೋಗದಿಂದ ತೋರಿಸುವುದು ಹೇಗೆ?

ಪ್ರಯೋಗಾಲಯದ ಮೇಡಂ

ಸೆಕೆಂಡುಗಳನ್ನು ಬಿಟ್ಟು ಹೋಲಿಕೆಗಳನ್ನು ಎಣಿಸಿ, ಎಣಿಸಿದ ಮೇಲೆ nಅನ್ನು ಇಮ್ಮಡಿ ಮಾಡಿ ಅನುಪಾತ ನೋಡಿ. ರಿಕರ್ಶನ್ ಮಿತಿಯೊಳಗೆ ಇರಲು 400 ಮತ್ತು 800 ತೆಗೆದುಕೊಳ್ಳಿ. ಏರಿಕೆ ಕ್ರಮದ ಪಟ್ಟಿಗೆ ನಿಮ್ಮ ಕ್ವಿಕ್ ಸಾರ್ಟ್ 400ಕ್ಕೆ 79,800 ಹೋಲಿಕೆ, 800ಕ್ಕೆ 3,19,600 ಹೋಲಿಕೆ ಮಾಡುತ್ತದೆ. ಅನುಪಾತ ನಾಲ್ಕು, ಅದು n² ಗುರುತು. ಕಲಸಿದ ಪಟ್ಟಿಗಳನ್ನು ಹಲವು ಬಾರಿ ಕೊಟ್ಟು ಸರಾಸರಿ ತೆಗೆದರೆ 400ಕ್ಕೆ 3,670ರ ಆಸುಪಾಸು, 800ಕ್ಕೆ 8,430ರ ಆಸುಪಾಸು ಬರಬೇಕು. ಅನುಪಾತ 2.3. ಎರಡಕ್ಕಿಂತ ತುಸು ಹೆಚ್ಚು, ನಾಲ್ಕಕ್ಕಿಂತ ಬಹಳ ಕಡಿಮೆ. n ದೊಡ್ಡದಾದಂತೆ ಈ ಅನುಪಾತ ಎರಡರ ಕಡೆಗೆ ಮೆಲ್ಲನೆ ಇಳಿಯುತ್ತದೆ, ಅದೇ n log n ಸ್ವಭಾವ.

ಒಂದು ಎಚ್ಚರಿಕೆ. ನೀವು ಎಷ್ಟು ಪಟ್ಟಿಗಳನ್ನು ಕಲಸಿ ಕೊಟ್ಟರೂ ಅವುಗಳಲ್ಲಿ ಕಂಡ ಅತಿ ದೊಡ್ಡ ಸಂಖ್ಯೆಯನ್ನು ವರ್ಸ್ಟ್ ಕೇಸ್ ಎಂದು ಬರೆಯಬೇಡಿ. ಕಲಸಿದ ಪಟ್ಟಿಗಳಲ್ಲಿ 79,800 ಎದುರಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ವರ್ಸ್ಟ್ ಕೇಸ್ ಪಟ್ಟಿಯನ್ನು ಕೋಡ್ ಓದಿ ಕಟ್ಟಬೇಕು.

ಕೆಳಮಿತಿ

ಹಾಗಾದರೆ ಅಸೈನ್‌ಮೆಂಟಿಗೆ ಉತ್ತರ ಏನು? "ಯಾವುದು ಉತ್ತಮ" ಎಂದರೆ ಒಂದು ಹೆಸರು ಬರೆಯಲೇಬೇಕಲ್ಲ. ನನ್ನ ಪ್ರಕಾರ ಮೂರೂ ಕಾಲಮ್‌ನಲ್ಲಿ n log n ಇರುವ ಮರ್ಜ್ ಸಾರ್ಟ್ ಬರೆಯಬೇಕು.

ಲಾಗ್ ನೋಡುವವನು

ಅದಕ್ಕೆ n ಗಾತ್ರದ ಹೆಚ್ಚುವರಿ ಜಾಗ ಬೇಕು, ಅದು ಈ ಮೂರು ಕಾಲಮ್‌ಗಳಲ್ಲಿ ಕಾಣುವುದೇ ಇಲ್ಲ. ನಾನಾಗಿದ್ದರೆ ಹೆಸರು ಬರೆಯುವ ಮೊದಲು ದತ್ತಾಂಶ ಎಂಥದ್ದು ಎಂದು ಬರೆಯುತ್ತಿದ್ದೆ.

ಎಣಿಕೆಗಾರ

ನಾನೂ ಹಾಗೆಯೇ ಬರೆಯುತ್ತಿದ್ದೆ. ಯಾವ ಜೋಡಣೆಗಳನ್ನು ನಿರೀಕ್ಷಿಸುತ್ತೇನೆ, ಪಿವಟ್ ನಿಯಮ ಯಾವುದು, ಸಮ ಬೆಲೆಗಳು ಎಷ್ಟು ಬರುತ್ತವೆ ಎಂದು ಹೇಳಿ, ಅದಕ್ಕೆ ತಕ್ಕ ಕಾಲಮ್ ಹಿಡಿದು ಒಂದು ಹೆಸರು ಕೊಡಿ. ತಡವಾದರೆ ಅನಾಹುತವಾಗುವ ಕಡೆ ವರ್ಸ್ಟ್ ಕೇಸ್, ಒಟ್ಟು ಕೆಲಸವೇ ಮುಖ್ಯವಾದ ಕಡೆ ಸರಾಸರಿ.

ಕೆಳಮಿತಿ

ಅಷ್ಟೆಲ್ಲ ಬರೆದರೆ ಎರಡು ಅಂಕದ ಪ್ರಶ್ನೆಗೆ ಎರಡು ಪುಟವಾಗುತ್ತದೆ. ಮೌಲ್ಯಮಾಪಕರು ನಿರೀಕ್ಷಿಸುವುದು ಒಂದು ಸಾಲು ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ನಾಲ್ಕನೇ ಸೆಮಿಸ್ಟರ್

ನಾನು ಆ ಎಂಟು ಸಂಖ್ಯೆಗಳ ಪಟ್ಟಿಯನ್ನೂ ಏರಿಕೆ ಕ್ರಮದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಮೂರು ವಿಧಾನಗಳ ಎಣಿಕೆ ಬರೆಯಲು ನಿರ್ಧರಿಸಿದ್ದೇನೆ. ಇನ್ನೊಂದು ಪ್ರಶ್ನೆ ಉಳಿದಿದೆ. ಕೋಷ್ಟಕದಲ್ಲಿ ಶೆಲ್ ಸಾರ್ಟ್‌ನ ಸರಾಸರಿ ಜಾಗದಲ್ಲಿ "ಅಂತರಗಳನ್ನು ಅವಲಂಬಿಸಿದೆ" ಎಂದಷ್ಟೇ ಇದೆ. ಅಲ್ಲಿ ಏನು ಬರೆಯಲಿ?

ಮಧ್ಯಮ ಪಿವಟ್

ಅದನ್ನೇ ಬರೆಯಿರಿ. ಯಾವ ಅಂತರಗಳ ಸರಣಿ ಎಂದು ಹೇಳದೆ ಶೆಲ್ ಸಾರ್ಟ್‌ಗೆ ಒಂದು ಸರಾಸರಿ ಹೇಳುವುದು ಸಾಧ್ಯವಿಲ್ಲ, ಬಳಕೆಯಲ್ಲಿರುವ ಹಲವು ಸರಣಿಗಳಿಗೆ ನಿಖರವಾದ ಸರಾಸರಿ ಇನ್ನೂ ಸಾಧಿತವಾಗಿಲ್ಲ. ಅಂತರಗಳನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹೋಗುವ ಮೂಲ ಸರಣಿಗೆ ವರ್ಸ್ಟ್ ಕೇಸ್ ಮಾತ್ರ n² ಎಂದು ಗೊತ್ತಿದೆ. n ಎರಡರ ಘಾತವಾಗಿದ್ದು, ಸಣ್ಣ ಅರ್ಧ ಬೆಸ ಸ್ಥಾನಗಳಲ್ಲೂ ದೊಡ್ಡ ಅರ್ಧ ಸಮ ಸ್ಥಾನಗಳಲ್ಲೂ ಕೂತಿರುವ ಪಟ್ಟಿಯನ್ನು ಕಟ್ಟಿ ನೋಡಿ, ಕೊನೆಯ ಸುತ್ತಿನವರೆಗೆ ಆ ಎರಡು ಗುಂಪುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.